24 ಫ್ಲ್ಯಾಟಿನ ಪ್ರಾಜೆಕ್ಟು, ಹಣ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ: ಸಣ್ಣ ಡೆವಲಪರ್ ಪ್ರಸ್ತಾವದ ಕ್ಯಾಶ್ ಫ್ಲೋ ಮಾಡುವ ಬಗೆ

ಸಣ್ಣ ಬಿಲ್ಡರುಗಳ ಪ್ರಸ್ತಾವ ತೆಗೆದು ನೋಡಿದರೆ ಮೊದಲ ಪುಟದಲ್ಲೇ ಲಾಭ ಎಷ್ಟು ಅಂತ ದೊಡ್ಡದಾಗಿ ಬರೆದಿರುತ್ತೆ. ಒಟ್ಟು ಮಾರಾಟ ಇಷ್ಟು, ಒಟ್ಟು ಖರ್ಚು ಇಷ್ಟು, ಉಳಿಯೋದು ಇಷ್ಟು. ಸಾಲ ಕೊಡುವವರು ಅದನ್ನು ಒಂದು ಸಲ ಕಣ್ಣಾಡಿಸಿ ಪಕ್ಕಕ್ಕಿಡುತ್ತಾರೆ. ಅವರಿಗೆ ಬೇಕಾದ್ದು ಬೇರೆ. ನಿಮ್ಮ ಕೈಯಿಂದ ಹೋದ ಹಣ ಅತಿ ಹೆಚ್ಚು ಯಾವ ತಿಂಗಳಲ್ಲಿ ಇರುತ್ತೆ, ಎಷ್ಟಿರುತ್ತೆ, ಆ ಹೊತ್ತಿಗೆ ಅದನ್ನು ಯಾರು ತುಂಬುತ್ತಾರೆ? ಲಾಭ ಇರುವ ಪ್ರಾಜೆಕ್ಟೇ ಮೂರನೇ ಸ್ಲ್ಯಾಬ್ ಹತ್ತಿರ ನಿಂತುಹೋಗೋದು ಈ ಮೂರು ಪ್ರಶ್ನೆಗೆ ಉತ್ತರ ಇಲ್ಲದೆ ಶುರುಮಾಡಿದಾಗ.

ಒಂದು ಲೆಕ್ಕವನ್ನು ಹಿಡಿದು ಕೊನೆತನಕ ಹೋಗೋಣ. ಊರು ಮೈಸೂರು ಅಂದುಕೊಳ್ಳಿ. ಸ್ಟಿಲ್ಟ್ ಪಾರ್ಕಿಂಗ್ ಮೇಲೆ ನಾಲ್ಕು ಮಹಡಿ, ಮಹಡಿಗೆ ಆರು ಮನೆ, ಒಟ್ಟು 24. ಒಂದೊಂದು 1,100 ಚದರಡಿ, ಚದರಡಿಗೆ 5,000 ರೂಪಾಯಿ, ಅಂದರೆ ಮನೆಗೆ 55 ಲಕ್ಷ. ಈ ದರಗಳೆಲ್ಲ ಉದಾಹರಣೆಗೆ ಹಾಕಿಕೊಂಡವು, ನಿಮ್ಮ ಬಡಾವಣೆಯ ದರ ನೀವು ಹಾಕಿ. ಇನ್ನು ಮುಂದೆ ಎಲ್ಲ ಲೆಕ್ಕವೂ ಲಕ್ಷದಲ್ಲಿ.

ಒಟ್ಟು ಮಾರಾಟ 1,320. ಖರ್ಚಿನಲ್ಲಿ ಜಮೀನು ನೋಂದಣಿ ಸೇರಿ 350, ಪ್ಲಾನ್, ಲೈಸೆನ್ಸ್, ಆರ್ಕಿಟೆಕ್ಟ್ ವಗೈರೆ 50, ಕಟ್ಟಡ 600, ಆಫೀಸು, ಜಾಹೀರಾತು, ಬ್ರೋಕರ್ ಕಮಿಷನ್ ಸೇರಿ 60. ಒಟ್ಟು 1,060. ಬಡ್ಡಿ ಮತ್ತು ಆದಾಯ ತೆರಿಗೆಗೆ ಮೊದಲು ಉಳಿಯೋದು 260. ನೋಡೋಕೆ ಚೆನ್ನಾಗಿದೆ, ಅಲ್ವಾ? ಈಗ ಇದನ್ನೇ ಕಾಲಕ್ಕೆ ತಕ್ಕಂತೆ ಬಿಡಿಸಿ ಇಡೋಣ.

ಮೊದಲು ಕ್ಯಾಲೆಂಡರ್, ಆಮೇಲೆ ದುಡ್ಡು

ಎಕ್ಸೆಲ್ ತೆಗೆದ ತಕ್ಷಣ ದುಡ್ಡು ತುಂಬೋಕೆ ಹೋಗಬೇಡಿ. ಕೆಲಸ ಯಾವಾಗ ಏನಾಗುತ್ತೆ ಅನ್ನೋದು ಮೊದಲು ಬರಬೇಕು. ನಾನಿಲ್ಲಿ ಮೂರು ಮೂರು ತಿಂಗಳಿಗೆ ಒಂದು ಕಾಲಂ ಇಟ್ಟಿದ್ದೇನೆ, ಓದೋಕೆ ಸುಲಭ ಅಂತ. ನಿಮ್ಮ ಅಸಲಿ ಶೀಟು ತಿಂಗಳ ಲೆಕ್ಕದಲ್ಲೇ ಇರಲಿ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲ ಎರಡು ತ್ರೈಮಾಸಿಕ ಜಮೀನು, ಪ್ಲಾನ್ ಮಂಜೂರಾತಿ, ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಾದ ರೆರಾ ಪ್ರಕಾರದ ನೋಂದಣಿಗೇ ಹೋಗುತ್ತೆ. ಜಮೀನು 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆ ಎಂಟಕ್ಕಿಂತ ಜಾಸ್ತಿ ಇಲ್ಲದಿದ್ದರೆ ರೆರಾ ನೋಂದಣಿ ಬೇಕಿಲ್ಲ, ಆದರೆ ನಮ್ಮದು 24 ಮನೆ, ಜಮೀನೂ ಅದಕ್ಕಿಂತ ದೊಡ್ಡದು. ನೋಂದಣಿ ಆಗುವವರೆಗೆ ಜಾಹೀರಾತು ಹಾಕುವಂತಿಲ್ಲ, ಬುಕಿಂಗ್ ತಗೊಳ್ಳುವಂತಿಲ್ಲ. "ಪ್ರೀ ಲಾಂಚ್ ಅಂತ ಹತ್ತು ಜನರ ಹತ್ತಿರ ಮುಂಗಡ ಎತ್ತಿ ಜಮೀನಿಗೆ ಕೊಡೋಣ" ಅನ್ನೋ ಹಳೇ ಲೆಕ್ಕ ನಿಮ್ಮ ಶೀಟಿನಲ್ಲಿದ್ದರೆ ಈಗಲೇ ಅಳಿಸಿ. ಪ್ರಸ್ತಾವ ಓದುವವರು ಮೊದಲು ಹುಡುಕೋದೇ ಅದನ್ನ. ಆರು ತಿಂಗಳಲ್ಲಿ ಬರುವ ಹಣ ಸೊನ್ನೆ.

ಮೂರನೇ ತ್ರೈಮಾಸಿಕದಲ್ಲಿ ಪಾಯ ಮುಗಿಯುತ್ತೆ. ನಾಲ್ಕರಲ್ಲಿ ಎರಡು ಸ್ಲ್ಯಾಬ್, ಐದರಲ್ಲಿ ಮೂರು. ಸ್ಟಿಲ್ಟ್ ಮೇಲಿನದೂ ಸೇರಿದರೆ ಸ್ಲ್ಯಾಬ್ ಐದು ಅನ್ನೋದನ್ನ ಮರೆಯಬೇಡಿ, ನಾಲ್ಕು ಮಹಡಿ ಅಂತ ನಾಲ್ಕೇ ಬರೆದು ಒಂದು ತಿಂಗಳ ಕೆಲಸ ಮತ್ತು ಕಬ್ಬಿಣದ ದುಡ್ಡು ಬಿಟ್ಟಿರುವ ಶೀಟುಗಳು ಎಷ್ಟೋ ಇವೆ. ಆರರಲ್ಲಿ ಗೋಡೆ, ಗಾರೆ. ಏಳರಲ್ಲಿ ಟೈಲ್ಸ್, ಕಿಟಕಿ, ಪೈಪು, ವೈರಿಂಗ್. ಎಂಟರಲ್ಲಿ ಲಿಫ್ಟು, ಬಣ್ಣ, ಟ್ರಾನ್ಸ್‌ಫಾರ್ಮರು, ತ್ರೈಮಾಸಿಕದ ಕೊನೆಗೆ ವಾಸಕ್ಕೆ ಅನುಮತಿ ಪತ್ರವಾದ ಓಸಿ. ಪಾಯ ತೋಡುವುದು ಜೂನ್–ಆಗಸ್ಟಿಗೆ ಬಿದ್ದರೆ ಒಂದು ತಿಂಗಳು ಹೆಚ್ಚಿಗೆ ಹಾಕಿಕೊಳ್ಳಿ. ಗುಂಡಿಯಲ್ಲಿ ನೀರು ನಿಂತರೆ ಪಂಪು, ಮಣ್ಣು ಕುಸಿತ, ಕೂಲಿಯವರ ಖಾಲಿ ದಿನ, ಎಲ್ಲದಕ್ಕೂ ದುಡ್ಡು ಹೋಗುತ್ತೆ, ಸ್ಲ್ಯಾಬ್ ಮಾತ್ರ ಮೇಲೆ ಏಳಲ್ಲ.

ಖರ್ಚನ್ನು ಬಿಲ್ ಬರುವ ರೀತಿಯಲ್ಲೇ ಹಾಕಿ

ಕಟ್ಟಡದ 600ನ್ನು ಆರು ತ್ರೈಮಾಸಿಕಕ್ಕೆ ನೂರು ನೂರು ಅಂತ ಸಮವಾಗಿ ಹಂಚಿಬಿಡೋದು ಸುಲಭ. ಹಾಗೆ ಮಾಡಿದರೆ ಶೀಟು ಮಾಡಿ ಪ್ರಯೋಜನ ಇಲ್ಲ. ಕಬ್ಬಿಣ, ಕಾಂಕ್ರೀಟು ಕುಡಿಯೋದು ಪಾಯ ಮತ್ತು ಸ್ಲ್ಯಾಬ್ ಹೊತ್ತಿನಲ್ಲಿ. ನಮ್ಮ ಲೆಕ್ಕದಲ್ಲಿ 3ನೇ ತ್ರೈಮಾಸಿಕದಿಂದ ಕ್ರಮವಾಗಿ 70, 120, 140, 110, 90, 50 ಅಂತ ಹೋಗುತ್ತೆ. ಒಟ್ಟು 580. ಉಳಿದ 20 ಎಲ್ಲಿ ಹೋಯಿತು? ಕಂಟ್ರಾಕ್ಟರಿನ ಪಾಲು 400 ಅಂತ ಇಟ್ಟುಕೊಂಡರೆ, ಪ್ರತಿ ಬಿಲ್ಲಿನಿಂದ ಶೇ 5 ಹಿಡಿದಿಟ್ಟ ಹಣ ಅದು. ಕೆಲಸ ಮುಗಿದ ಮೇಲೆ 9ನೇ ತ್ರೈಮಾಸಿಕದಲ್ಲಿ ಕೊಡಬೇಕು. ಮಿಕ್ಕ 200 ನೀವೇ ನೇರ ತರುವ ಕಬ್ಬಿಣ, ಲಿಫ್ಟು, ಟ್ರಾನ್ಸ್‌ಫಾರ್ಮರು. ಕಬ್ಬಿಣದ ಅಂಗಡಿಯವರು ಸಾಲ ಕೊಡೋದು ಕಡಿಮೆ, ಲಿಫ್ಟ್ ಕಂಪನಿಗೆ ಆರ್ಡರ್ ಜೊತೆಯಲ್ಲೇ ಮುಂಗಡ ಬೇಕು. ಹಾಗಾಗಿ ಎಂಟನೇ ತ್ರೈಮಾಸಿಕದಲ್ಲಿ ಕೂರುವ ಲಿಫ್ಟಿನ ಖರ್ಚು ಆರನೆಯದರಲ್ಲೇ ಶುರುವಾಗುತ್ತೆ.

ಜಿಎಸ್‌ಟಿ ವಿಷಯ ಇಲ್ಲಿ ಒಂದೇ ಮಾತಲ್ಲಿ ತಿಳಿದುಕೊಳ್ಳಿ. ಕಂಟ್ರಾಕ್ಟರ್ ಬಿಲ್ಲಿಗೆ ಶೇ 18 ಕಟ್ಟುತ್ತೀರಿ, ಅದನ್ನು ವಾಪಸ್ ಕ್ರೆಡಿಟ್ ಅಂತ ತಗೊಳ್ಳೋಕೆ ಆಗಲ್ಲ, ಯಾಕಂದ್ರೆ ಫ್ಲ್ಯಾಟಿನ ಮೇಲಿನ ಶೇ 5ರ ದರ 2019ರ ಏಪ್ರಿಲ್‌ನಿಂದ ಕ್ರೆಡಿಟ್ ಇಲ್ಲದೆಯೇ ಬಂದಿರೋದು. ಆ 18 ಪೂರ್ತಿ ನಿಮ್ಮ ಖರ್ಚು. ಕೊಟೇಶನ್ ತಗೊಳ್ಳುವಾಗ "ಜಿಎಸ್‌ಟಿ ಸೇರಿಯಾ, ಬಿಟ್ಟಾ" ಅಂತ ಕೇಳದೆ ಬರೆದುಕೊಂಡರೆ 400 ಲಕ್ಷದ ಕೆಲಸ 472 ಆಗುತ್ತೆ. ನಮ್ಮ 600ರಲ್ಲಿ ಅದು ಸೇರಿದೆ.

ಬರುವ ಹಣ: ಬುಕಿಂಗ್ ಆದ ದಿನ ದುಡ್ಡು ಬಂದಂಗಲ್ಲ

ಇದು ಇಡೀ ಶೀಟಿನ ಜೀವ, ಸ್ವಲ್ಪ ನಿಧಾನವಾಗಿ ನೋಡೋಣ. ಎರಡು ಸಾಲು ಬೇಕು. ಒಂದು, ಯಾವ ತ್ರೈಮಾಸಿಕದಲ್ಲಿ ಎಷ್ಟು ಮನೆ ಬುಕ್ ಆಗುತ್ತೆ. ಇನ್ನೊಂದು, ಆ ಹೊತ್ತಿಗೆ ಕಟ್ಟಡ ಮುಟ್ಟಿರುವ ಹಂತದ ಪ್ರಕಾರ ಒಬ್ಬ ಗ್ರಾಹಕರ ಹತ್ತಿರ ಒಟ್ಟು ಶೇಕಡಾ ಎಷ್ಟು ಕೇಳಬಹುದು.

ನಮ್ಮ ಕರಾರಿನ ಪಾವತಿ ಪಟ್ಟಿ ಹೀಗಿದೆ ಅಂದುಕೊಳ್ಳಿ. ಬುಕಿಂಗಿಗೆ ಶೇ 10, ನೋಂದಾಯಿತ ಮಾರಾಟ ಕರಾರು ಆದ ಮೇಲೆ ಇನ್ನೊಂದು 10. ಕರಾರು ನೋಂದಣಿ ಆಗದೆ ಶೇ 10ಕ್ಕಿಂತ ಹೆಚ್ಚು ತಗೊಳ್ಳೋದು ರೆರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ತಪ್ಪು. ಪಾಯಕ್ಕೆ 10, ಐದು ಸ್ಲ್ಯಾಬಿಗೆ ಎಂಟೆಂಟು, ಗೋಡೆ–ಗಾರೆಗೆ 15, ಟೈಲ್ಸಿಗೆ 10, ಕೀ ಕೊಡುವಾಗ 5. ಇದನ್ನು ಕ್ಯಾಲೆಂಡರಿಗೆ ಕೂರಿಸಿದರೆ 3ನೇ ತ್ರೈಮಾಸಿಕದ ಕೊನೆಗೆ ಶೇ 30, ನಾಲ್ಕಕ್ಕೆ 46, ಐದಕ್ಕೆ 70, ಆರಕ್ಕೆ 85, ಏಳಕ್ಕೆ 95, ಎಂಟಕ್ಕೆ 100.

ಈಗ ಬುಕಿಂಗ್. 3ರಿಂದ 10ನೇ ತ್ರೈಮಾಸಿಕದವರೆಗೆ 4, 4, 3, 3, 2, 2, 3, 3. ಕೊನೆಯಲ್ಲಿ ಮತ್ತೆ ಏರಿರೋದಕ್ಕೆ ಕಾರಣ ಇದೆ. ಓಸಿ ಬಂದ ಮೇಲೆ ಮಾರುವ ಮನೆಗೆ ಜಿಎಸ್‌ಟಿ ಇಲ್ಲ. 55 ಲಕ್ಷದ ಮನೆಗೆ ಶೇ 5 ಅಂದರೆ ಗ್ರಾಹಕರಿಗೆ 2.75 ಲಕ್ಷ ಉಳಿತಾಯ. "ರೆಡಿ ಆಗಲಿ, ಆಮೇಲೆ ನೋಡೋಣ" ಅನ್ನುವವರು ನಿಮಗೂ ಸಿಕ್ಕಿರುತ್ತಾರೆ. ಇದರ ಜೊತೆಗೆ ಆಷಾಢ, ಪಿತೃಪಕ್ಷ ಎಲ್ಲಿ ಬೀಳುತ್ತೆ ಅಂತ ನಿಮ್ಮ ತಿಂಗಳ ಶೀಟಿನಲ್ಲಿ ಗುರುತು ಹಾಕಿ, ಆ ವಾರಗಳಲ್ಲಿ ಬುಕಿಂಗ್ ಸೊನ್ನೆ ಅಂತಲೇ ಇಡಿ. ಬೇರೆ ಊರಿನ ಸಾಫ್ಟ್‌ವೇರ್ ಶೀಟಿನಲ್ಲಿ ಇದು ಬರಲ್ಲ.

ಇನ್ನೊಂದು ಮುಖ್ಯ ವಿಷಯ, ತಡ. ಸ್ಲ್ಯಾಬ್ ಹಾಕಿದ ದಿನ ನೀವು ಡಿಮ್ಯಾಂಡ್ ಲೆಟರ್ ಕಳಿಸುತ್ತೀರಿ. ಗ್ರಾಹಕರು ಅದನ್ನು ಬ್ಯಾಂಕಿಗೆ ಕೊಡಬೇಕು. ಬ್ಯಾಂಕಿನವರು ಇಂಜಿನಿಯರ್ ಕಳಿಸಿ ಸ್ಲ್ಯಾಬ್ ನಿಜವಾಗಿ ಆಗಿದೆಯಾ ಅಂತ ನೋಡಬೇಕು, ಆಮೇಲೆ ಬಿಡುಗಡೆ. ಗೃಹಸಾಲವನ್ನು ಕಟ್ಟಡದ ಹಂತಕ್ಕೆ ತಕ್ಕಂತೆಯೇ ಬಿಡುಗಡೆ ಮಾಡಬೇಕು ಅಂತ 2013ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಹಾಗಾಗಿ ನಾನು ಒಂದು ಒರಟು ನಿಯಮ ಇಟ್ಟುಕೊಂಡಿದ್ದೇನೆ. ಹೊಸ ಬುಕಿಂಗ್ ಆದ ತ್ರೈಮಾಸಿಕದಲ್ಲಿ ಶೇ 20 ಮಾತ್ರ ಬರುತ್ತೆ. ಹಳೆಯ ಗ್ರಾಹಕರಿಂದ, ಹಿಂದಿನ ತ್ರೈಮಾಸಿಕದ ಕೊನೆಗೆ ಯಾವ ಹಂತ ಮುಟ್ಟಿತ್ತೋ ಅಲ್ಲಿವರೆಗಿನ ಹಣ ಈ ತ್ರೈಮಾಸಿಕದಲ್ಲಿ ಬಂದಿರುತ್ತೆ.

C ಕಾಲಂನಿಂದ 1ನೇ ತ್ರೈಮಾಸಿಕ ಶುರು, 4ನೇ ಸಾಲಿನಲ್ಲಿ ಹೊಸ ಬುಕಿಂಗ್, 5ರಲ್ಲಿ ಹಂತದ ಒಟ್ಟು ಶೇಕಡಾ ಇದ್ದರೆ, 5ನೇ ತ್ರೈಮಾಸಿಕಕ್ಕೆ ಸೂತ್ರ ಇಷ್ಟೇ:

```
G6: =(SUM($C4:F4)*F5 + G4*20%)*55
G7: =G6-F6
```

G6 ಅಲ್ಲಿವರೆಗೆ ಬಂದ ಒಟ್ಟು ಹಣ, G7 ಆ ತ್ರೈಮಾಸಿಕದ್ದು. ಕೈಲಿ ಮಾಡಿ ನೋಡಿದರೆ, 4ರ ಕೊನೆಗೆ ಎಂಟು ಮನೆ ಬುಕ್ ಆಗಿದೆ, ಅವರಿಂದ ಶೇ 46, ಹೊಸ ಮೂವರಿಂದ ಶೇ 20. ಒಟ್ಟು 235.4. ಗಮನಿಸಿ, ಆ ಹೊತ್ತಿಗೆ ಐದೂ ಸ್ಲ್ಯಾಬ್ ಮುಗಿದಿದೆ, ಹನ್ನೊಂದು ಮನೆ ಮಾರಿದ್ದೀರಿ. ಮಾರಿದ ಬೆಲೆ 605, ಕೈಗೆ ಬಂದದ್ದು ಅದರ ಅರ್ಧವೂ ಇಲ್ಲ.

ಎರಡನ್ನೂ ಪಕ್ಕ ಪಕ್ಕ ಇಟ್ಟಾಗ

ಆಫೀಸು–ಜಾಹೀರಾತಿನ 60ನ್ನು ಹತ್ತು ತ್ರೈಮಾಸಿಕಕ್ಕೆ ಆರಾರು ಹಾಕಿದ್ದೇನೆ, ಪ್ಲಾನ್ ವಗೈರೆ 50ನ್ನು ಮೊದಲ ಎರಡಕ್ಕೆ 20 ಮತ್ತು 30 ಅಂತ.

| ತ್ರೈಮಾಸಿಕ | ಬಂದದ್ದು | ಹೋದದ್ದು | ಒಟ್ಟು ಬಾಕಿ |
|---|---|---|---|
| 1 | 0 | 376 | −376 |
| 2 | 0 | 36 | −412 |
| 3 | 44 | 76 | −444 |
| 4 | 66 | 126 | −504 |
| 5 | 125.4 | 146 | −524.6 |
| 6 | 221.1 | 116 | −419.5 |
| 7 | 220 | 96 | −295.5 |
| 8 | 181.5 | 56 | −170 |
| 9 | 165 | 26 | −31 |
| 10 | 165 | 6 | +128 |
| 11 | 132 | 0 | +260 |

ಕೊನೆಯ ಸಾಲು 260, ಮೊದಲು ಲೆಕ್ಕ ಹಾಕಿದ ಉಳಿತಾಯಕ್ಕೆ ಸರಿಹೊಂದಿದೆ. ಹೊಂದದಿದ್ದರೆ ಎಲ್ಲೋ ಒಂದು ಮನೆ ಅಥವಾ ಒಂದು ಬಿಲ್ ಬಿಟ್ಟುಹೋಗಿದೆ ಅಂತ ಅರ್ಥ. ಈ ತಾಳೆಯನ್ನು ಶೀಟಿನ ಮೂಲೆಯಲ್ಲಿ ಯಾವಾಗಲೂ ಇಟ್ಟಿರಿ.

ಆದರೆ ನೋಡಬೇಕಾದ ಸಾಲು ಐದನೆಯದು. −524.6. ನಿಮ್ಮ ಕೈಯಿಂದ ಹೋದ ಹಣ ಒಂದು ಗುಂಡಿ ಅಂದುಕೊಂಡರೆ, ಅದರ ತಳ ಇದೇ. ಇನ್ನೊಂದು ವಿಚಿತ್ರ ನೋಡಿ, 9ನೇ ತ್ರೈಮಾಸಿಕ ಮುಗಿಯುವಾಗಲೂ, 21 ಮನೆ ಮಾರಿ ಆದ ಮೇಲೂ, ನೀವು ಇನ್ನೂ 31 ಲಕ್ಷ ಮೈನಸ್‌ನಲ್ಲೇ ಇದ್ದೀರಿ. ಲಾಭ ಅನ್ನೋದೆಲ್ಲ ಕೊನೆಯ ನಾಲ್ಕೈದು ಮನೆಯಲ್ಲಿ ಕೂತಿದೆ. ಮಧ್ಯದಲ್ಲಿ ಕೈಲಿ ದುಡ್ಡು ಓಡಾಡೋದು ಕಂಡು ಮುಂದಿನ ಸೈಟಿಗೆ ಅಡ್ವಾನ್ಸ್ ಕೊಡುವವರು ಸಿಕ್ಕಿಬೀಳೋದು ಇಲ್ಲೇ.

ತಿಂಗಳ ಶೀಟು ಯಾಕೆ ಬೇಕು ಅಂದೆನಲ್ಲ, ಅದೂ ಈ ಐದನೇ ಸಾಲಿಗಾಗಿ. ಮೂರು ಸ್ಲ್ಯಾಬಿನ ಕಬ್ಬಿಣ, ಕಾಂಕ್ರೀಟಿನ ಬಿಲ್ಲು ಮೊದಲ ಎರಡು ತಿಂಗಳಲ್ಲೇ ಬರುತ್ತೆ. ಎರಡು ತಿಂಗಳಿಗೆ 110 ಹೋಗಿ 60 ಮಾತ್ರ ಬಂದಿದ್ದರೆ, ಆಫೀಸಿನ 4 ಸೇರಿ ಬಾಕಿ −558 ಆಗಿರುತ್ತೆ. ತ್ರೈಮಾಸಿಕದ ಕೊನೆಯ ಲೆಕ್ಕ ಈ 30 ಲಕ್ಷದ ಆಳವನ್ನು ಮುಚ್ಚಿಬಿಡುತ್ತೆ. ಕಂಟ್ರಾಕ್ಟರ್ ಕೂಲಿಯವರನ್ನು ಬೇರೆ ಸೈಟಿಗೆ ಕಳಿಸೋದು ಆ ತಿಂಗಳಲ್ಲೇ.

ರೆರಾ ಖಾತೆ: ಬಂದ ಹಣವೆಲ್ಲ ನಿಮ್ಮ ಕೈಲಿಲ್ಲ

ಗ್ರಾಹಕರಿಂದ ಬಂದ ಹಣದಲ್ಲಿ ಶೇ 70 ಪ್ರತ್ಯೇಕ ಖಾತೆಗೆ ಹೋಗಬೇಕು. ಅದರಿಂದ ಆ ಪ್ರಾಜೆಕ್ಟಿನ ಜಮೀನು ಮತ್ತು ಕಟ್ಟಡದ ಖರ್ಚಿಗೆ ಮಾತ್ರ ತೆಗೆಯಬಹುದು, ಅದೂ ಕೆಲಸ ಎಷ್ಟು ಶೇಕಡಾ ಆಗಿದೆಯೋ ಅಷ್ಟಕ್ಕೇ. ಇಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರ ಸರ್ಟಿಫಿಕೇಟ್ ಬೇಕು.

ನಮ್ಮ ಉದಾಹರಣೆಯಲ್ಲಿ ಜಮೀನಿನ 350 ಮೊದಲೇ ಖರ್ಚಾಗಿರೋದರಿಂದ ಈ ಮಿತಿ ತಡೆಯಾಗಲ್ಲ. ಖರ್ಚು ಯಾವಾಗಲೂ ಖಾತೆಯಲ್ಲಿರುವ ಹಣಕ್ಕಿಂತ ಮುಂದಿರುತ್ತೆ. ತೊಂದರೆ ಬೇರೆ ಕಡೆಯಿಂದ ಬರುತ್ತೆ. ಮೊದಲು ಕೆಲಸ, ಆಮೇಲೆ ಸರ್ಟಿಫಿಕೇಟ್, ಆಮೇಲೆ ಹಣ. ಅಂದರೆ ಪ್ರತಿ ಸಲ ಎರಡು–ಮೂರು ವಾರದ ಕೂಲಿ, ಸಾಮಾನಿನ ದುಡ್ಡು ನಿಮ್ಮ ಸ್ವಂತ ಕೈಲಿರಬೇಕು. ಆಫೀಸು ಬಾಡಿಗೆ, ಜಾಹೀರಾತು, ಬ್ರೋಕರ್ ಕಮಿಷನ್ ಇವೆಲ್ಲ ಉಳಿದ ಶೇ 30ರಲ್ಲೇ ಆಗಬೇಕು. 3ನೇ ತ್ರೈಮಾಸಿಕದಲ್ಲಿ ಬಂದ 44ರಲ್ಲಿ ಶೇ 30 ಅಂದರೆ 13.2, ಅದರಲ್ಲಿ ಆರು ಆಫೀಸಿಗೆ ಹೋಯಿತು. ಸಾಕಾಗುತ್ತೆ, ಆದರೆ ಧಾರಾಳವಾಗಿಲ್ಲ. ಜಂಟಿ ಒಪ್ಪಂದದಲ್ಲಿ ಜಮೀನು ಮಾಲೀಕರದ್ದಾಗಿದ್ದು, ಬುಕಿಂಗ್ ಜೋರಾಗಿ ಆಗಿ ಕೆಲಸ ಹಿಂದೆ ಬಿದ್ದರೆ, ಆಗ ನಿಜಕ್ಕೂ ಹಣ ಖಾತೆಯಲ್ಲಿದ್ದೂ ತೆಗೆಯೋಕಾಗದ ಪರಿಸ್ಥಿತಿ ಬರುತ್ತೆ.

ಇದರ ಜೊತೆ ಎರಡು ಸಣ್ಣ ಸೋರಿಕೆ. ಗ್ರಾಹಕರು ಕೊಡುವ ಶೇ 5 ಜಿಎಸ್‌ಟಿ ನಿಮ್ಮದಲ್ಲ, ಮುಂದಿನ ತಿಂಗಳು ಕಟ್ಟಬೇಕು. ಅದನ್ನು ಬೇರೆ ಸಾಲಿನಲ್ಲಿ ಒಳಗೆ–ಹೊರಗೆ ತೋರಿಸಿ, 55ರ ಜೊತೆ ಕಲಸಬೇಡಿ. ಮತ್ತೆ, ಮನೆ ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಗ್ರಾಹಕರು ಪ್ರತಿ ಕಂತಿನಲ್ಲೂ ಶೇ 1 ಟಿಡಿಎಸ್ ಹಿಡಿದೇ ಕೊಡುತ್ತಾರೆ. ನಮ್ಮ 24 ಮನೆಗೆ ಅದು ಒಟ್ಟು 13.2 ಲಕ್ಷ. ಕಳೆದುಹೋಗಲ್ಲ, ಆದಾಯ ತೆರಿಗೆಯಲ್ಲಿ ಹೊಂದಾಣಿಕೆ ಆಗುತ್ತೆ, ಆದರೆ ಸ್ಲ್ಯಾಬ್ ಹಾಕುವ ದಿನ ಕೈಲಿರಲ್ಲ.

ಗುಂಡಿ ತುಂಬುವವರು ಯಾರು

ಖಾಸಗಿ ಬಿಲ್ಡರಿಗೆ ಜಮೀನು ಕೊಳ್ಳೋಕೆ ಬ್ಯಾಂಕುಗಳು ಸಾಲ ಕೊಡುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ. ಕಟ್ಟಡದ ಸಾಲವೂ ಮಂಜೂರಾತಿಗಳೆಲ್ಲ ಕೈಗೆ ಬಂದ ಮೇಲೆಯೇ. ಹಾಗಾಗಿ ಮೊದಲೆರಡು ತ್ರೈಮಾಸಿಕದ 412 ಪೂರ್ತಿ ನಿಮ್ಮದು, ನಿಮ್ಮ ಪಾಲುದಾರರದು. ಮೂರನೆಯದರಿಂದ ಸಾಲ ಶುರು ಅಂದರೆ ಬಾಕಿ ಕ್ರಮವಾಗಿ 32, 92, 112.6, ಆರಕ್ಕೆ 7.5. ವರ್ಷಕ್ಕೆ ಶೇ 14 ಬಡ್ಡಿ ಅಂತ ಇಟ್ಟರೆ ಒಟ್ಟು ಬಡ್ಡಿ 8.5 ಲಕ್ಷದ ಆಸುಪಾಸು. 120 ಲಕ್ಷ ಸಾಲ ಕೇಳಿದರೆ ಸಾಕು ಅನಿಸುತ್ತೆ.

ಕೇಳಬೇಡಿ. ಮೊದಲು ಶೀಟನ್ನು ಒಂದು ಸಲ ಕೆಡಿಸಿ ನೋಡಿ. ಬುಕಿಂಗ್ ಶುರುವಾದ ಮೊದಲ ಮೂರು ತ್ರೈಮಾಸಿಕದಲ್ಲಿ 4, 4, 3ರ ಬದಲು ಎರಡೆರಡೇ ಮನೆ ಹೋಯಿತು ಅನ್ನಿ. ಖರ್ಚು ಅಷ್ಟೇ ಇದೆ, ಕಟ್ಟೋದನ್ನು ನಿಲ್ಲಿಸೋಕಾಗಲ್ಲ, ಯಾಕಂದ್ರೆ ಸ್ಲ್ಯಾಬ್ ನಿಂತರೆ ಇರುವ ಆರು ಜನರಿಂದ ಬರುವ ಕಂತೂ ನಿಲ್ಲುತ್ತೆ. ಐದನೆಯದರ ಕೊನೆಗೆ ಬಂದದ್ದು 123.2 ಮಾತ್ರ, ಬಾಕಿ −636.8. ಐದು ಮನೆ ತಡವಾಗಿದ್ದಕ್ಕೆ ಗುಂಡಿ 112 ಲಕ್ಷ ಆಳವಾಯಿತು. ನಿಮ್ಮ 412 ಕಳೆದರೆ 224.8, ಅಲ್ಲಿವರೆಗಿನ ಬಡ್ಡಿ 15, ತ್ರೈಮಾಸಿಕದ ಮಧ್ಯದ ಆಳ 30 ಸೇರಿದರೆ 270ರ ಹತ್ತಿರ. ಆದ್ದರಿಂದ ಪ್ರಸ್ತಾವದಲ್ಲಿ ಕೇಳಬೇಕಾದ ಮಿತಿ 275. ಬಡ್ಡಿ ಬಳಸಿದ್ದಕ್ಕೆ ಮಾತ್ರ, ಆದರೆ ಮಿತಿ ಇದ್ದರೆ ಕೆಟ್ಟ ತಿಂಗಳಲ್ಲಿ ಕೈಸಾಲಕ್ಕೆ ಓಡಬೇಕಿಲ್ಲ. ಪ್ರೊಸೆಸಿಂಗ್ ಫೀಸು ಮಂಜೂರಾದ ಮಿತಿಯ ಮೇಲಾ, ಬಳಸದೆ ಬಿಟ್ಟದ್ದಕ್ಕೂ ಶುಲ್ಕ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಬೆಲೆಯನ್ನು ಶೇ 5 ಇಳಿಸಿ ನೋಡೋದಕ್ಕಿಂತ ಈ ಬುಕಿಂಗ್ ತಡದ ಪರೀಕ್ಷೆಯೇ ನನಗೆ ಮುಖ್ಯ ಅನಿಸುತ್ತೆ. ಬೆಲೆ ಇಳಿದರೆ ಲಾಭ 66 ಲಕ್ಷ ಕಡಿಮೆಯಾಗುತ್ತೆ, ಆದರೆ ಐದನೇ ತ್ರೈಮಾಸಿಕದ ಗುಂಡಿ 12 ಲಕ್ಷವೂ ಆಳವಾಗಲ್ಲ. ಪ್ರಾಜೆಕ್ಟನ್ನು ನಿಲ್ಲಿಸೋದು ತಡ, ಬೆಲೆ ಅಲ್ಲ.

ಗುಂಡಿಯನ್ನು ಕಡಿಮೆ ಮಾಡೋಕೆ ಪಾವತಿ ಪಟ್ಟಿಯಲ್ಲಿ ಪಾಯಕ್ಕೆ 20, 25 ಅಂತ ಏರಿಸುವ ಆಸೆ ಬರುತ್ತೆ. ಮಾಡಬಹುದು, ಆದರೆ ಹಂತಕ್ಕಿಂತ ಮುಂದೆ ಓಡುವ ಪಟ್ಟಿಗೆ ಗ್ರಾಹಕರ ಬ್ಯಾಂಕು ಹಣ ಬಿಡಲ್ಲ, ಆಗ ಶೀಟಿನಲ್ಲಿ ಮಾತ್ರ ದುಡ್ಡು ಬರುತ್ತೆ. ಅದಕ್ಕಿಂತ ಕಂಟ್ರಾಕ್ಟರ್ ಜೊತೆ ಮಾತಾಡಿ, ಬಿಲ್ ಸಲ್ಲಿಸಿದ 30 ದಿನಕ್ಕೆ ಪಾವತಿ ಅಂತ ಒಪ್ಪಿಸಿದರೆ ಐದನೇ ತ್ರೈಮಾಸಿಕದಲ್ಲೇ ಒಂದು ತಿಂಗಳ ಬಿಲ್ಲು ಮುಂದಕ್ಕೆ ಹೋಗುತ್ತೆ. ಅದಕ್ಕಾಗಿ ಅವರು ಚದರಡಿಗೆ ಸ್ವಲ್ಪ ಜಾಸ್ತಿ ಕೇಳಿದರೆ, ಅದನ್ನು ಒಂದು ತಿಂಗಳ ಬಡ್ಡಿಯ ಜೊತೆ ಹೋಲಿಸಿ ನೋಡಿ ಒಪ್ಪಿ.

ಪ್ರಸ್ತಾವದಲ್ಲಿ ಇಷ್ಟನ್ನೂ ಎರಡು ಪುಟದಲ್ಲಿ ಇಡಬಹುದು. ಮೇಲಿನ ಕೋಷ್ಟಕ, ಅದರ ಕೆಳಗೆ ಕೆಡಿಸಿದ ಕೋಷ್ಟಕ, ಪಕ್ಕದಲ್ಲಿ ನಿಮ್ಮ 412 ಎಲ್ಲಿಂದ ಬರುತ್ತೆ ಅನ್ನೋದಕ್ಕೆ ಖಾತೆಯ ದಾಖಲೆ. ಸಾಲ ತೀರಿಸುವ ಕ್ರಮವನ್ನೂ ಬರೆಯಿರಿ. ಆರನೇ ತ್ರೈಮಾಸಿಕದಿಂದ ಮಿಗುವ ಹಣ ಮೊದಲು ಬ್ಯಾಂಕಿಗೆ, ಅದು ತೀರಿದ ಮೇಲೆ ನಿಮ್ಮ 412ಕ್ಕೆ, ಲಾಭ ಹಂಚಿಕೆ ಹತ್ತನೆಯದರ ಮೊದಲು ಇಲ್ಲ. ಪಾಲುದಾರರು ಸಹಿ ಹಾಕುವ ಮೊದಲು ಈ ಸಾಲನ್ನು ಅವರಿಗೆ ಒಮ್ಮೆ ಓದಿ ಹೇಳಿ, ಎರಡು ವರ್ಷ ಲಾಭ ಏನೂ ಬರಲ್ಲ ಅಂತ ತಿಳಿದ ಮೇಲೂ ಹಾಕುತ್ತಾರಾ ನೋಡಿ.